ಕ್ಯಾಂಪಿನ ಅಂಗಡಿಗೆ ಸರ್ಚ್ ಜಾಹೀರಾತು: ಸೇವೆಯ ಲೆಕ್ಕ ಮತ್ತು ಲೋಪ

ಸ್ಥಳೀಯ ಅಂಗಡಿಗಳ ಪರವಾಗಿ ಗೂಗಲ್‌ನಲ್ಲಿ ಸರ್ಚ್ ಜಾಹೀರಾತು ನಡೆಸಿಕೊಡುವವರ ಕೆಲಸದಲ್ಲಿ ಮೂರು ಭಾಗಗಳಿವೆ: ಜಾಹೀರಾತು ಯಾರಿಗೆ ಕಾಣಬೇಕೆಂದು ನಿರ್ಧರಿಸುವುದು, ಖರ್ಚಿಗೆ ಮಿತಿ ಹಾಕುವುದು, ಬಂದ ಫಲವನ್ನು ಅಂಗಡಿಯವರಿಗೆ ಅರ್ಥವಾಗುವಂತೆ ಹೇಳುವುದು. ದೊಡ್ಡ ನಗರದಲ್ಲಿ ಹುಡುಕುವವರು ಹೆಚ್ಚಿರುವುದರಿಂದ ಈ ಕೆಲಸದ ಲೋಪಗಳು ಬೇಗ ಕಣ್ಣಿಗೆ ಬೀಳುವುದಿಲ್ಲ. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಂಥ ಕಡೆ ಅವು ಮೊದಲ ತಿಂಗಳಲ್ಲೇ ಹೊರಬೀಳುತ್ತವೆ.

ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿಗಾಗಿ ಎದ್ದ ಈ ಕ್ಯಾಂಪುಗಳ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಿವೆ. ಇಲ್ಲಿ ಸುಟ್ಟ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವ ಒಂದು ಅಂಗಡಿ ಇದೆ ಎಂದಿಟ್ಟುಕೊಳ್ಳಬಹುದು. ಜಾಹೀರಾತು ನಡೆಸುವವರು ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಊರಿನ ಹೆಸರನ್ನೇ ಕೀವರ್ಡ್‌ಗೆ ಸೇರಿಸುವುದು. ಕ್ಯಾಂಪಿನ ಹೆಸರಿನೊಂದಿಗೆ ಮೋಟರ್ ರಿಪೇರಿ ಹುಡುಕುವವರು ತೀರಾ ಕಡಿಮೆ. ಅಂಥ ಕೀವರ್ಡ್‌ಗೆ ಗೂಗಲ್ Low search volume ಎಂಬ ಗುರುತು ಹಾಕಿ ಅದನ್ನು ಓಡಿಸದೆ ಬಿಡುತ್ತದೆ. ಸರಿಯಾದ ದಾರಿಯೆಂದರೆ ಕೀವರ್ಡ್‌ನಲ್ಲಿ ಕೆಲಸದ ಹೆಸರನ್ನಷ್ಟೇ ಇಟ್ಟು, ನಕ್ಷೆಯ ಮೇಲೆ ಊರಿನ ಸುತ್ತ ಒಂದು ವೃತ್ತವನ್ನು ಗುರುತಿಸುವುದು. ರೈತರು ಮೋಟರ್ ಹೊತ್ತು ತರಬಲ್ಲಷ್ಟು ದೂರವೇ ಆ ವೃತ್ತದ ತ್ರಿಜ್ಯ. ಮಸ್ಕಿಯವರು ಬರಬಹುದು, ಲಿಂಗಸುಗೂರಿನವರಿಗೆ ತಮ್ಮೂರಿನ ಅಂಗಡಿಯೇ ಹತ್ತಿರ.

ಸ್ಥಳ ಗುರುತಿಸುವ ಇದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ಆಯ್ಕೆಯನ್ನು ಬದಲಿಸಬೇಕು. ಗೂಗಲ್ ತಾನಾಗಿ ಇಡುವ Presence or interest ಆಯ್ಕೆಯಲ್ಲಿ, ಆ ಊರಿನ ಬಗ್ಗೆ ಆಸಕ್ತಿ ತೋರಿದ ಬೆಂಗಳೂರಿನವರಿಗೂ ಜಾಹೀರಾತು ಕಾಣಬಹುದು. Presence ಆರಿಸಿದರೆ ಆ ಪ್ರದೇಶದಲ್ಲಿರುವವರಿಗೆ ಅಥವಾ ಅಲ್ಲಿ ಆಗಾಗ ಇರುವವರಿಗೆ ಮಾತ್ರ ಕಾಣುತ್ತದೆ. ಹಣ ಎಲ್ಲಿ ಸೋರುತ್ತಿದೆ ಎಂಬುದನ್ನು Search terms ವರದಿ ತೋರಿಸುತ್ತದೆ. ಜನ ನಿಜವಾಗಿ ಟೈಪ್ ಮಾಡಿದ ಮಾತುಗಳು ಅದರಲ್ಲಿರುತ್ತವೆ. ಅಲ್ಲಿ ಮೋಟರ್ ವಿಮೆ, ಬೈಕ್ ಮೋಟರ್ ಎಂಬಂಥವು ಕಂಡರೆ ಅವನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕಬೇಕು. ಈ ವರದಿಯನ್ನು ವಾರಕ್ಕೊಮ್ಮೆಯೂ ತೆರೆಯದವರ ಸೇವೆಗೆ ಶುಲ್ಕ ಕೊಡುವುದು ದಂಡ.

ಬಜೆಟ್ಟಿನ ವಿಷಯದಲ್ಲಿ ಜಗಳ ಹುಟ್ಟುವುದು ದಿನದ ಮಿತಿಯಿಂದ. ದಿನಕ್ಕೆ 150 ರೂಪಾಯಿ ಎಂದು ಹಾಕಿದರೂ ಒಂದೊಂದು ದಿನ 300 ರೂಪಾಯಿವರೆಗೆ ಖರ್ಚಾಗಬಹುದು. ಗೂಗಲ್ ನೋಡುವುದು ತಿಂಗಳ ಮಿತಿಯನ್ನು. ಅದು ದಿನದ ಮೊತ್ತದ 30.4 ಪಟ್ಟು, ಅಂದರೆ 4,560 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಸುಮಾರು 5,381. ಇದನ್ನು ಮೊದಲೇ ಹೇಳದಿದ್ದರೆ, 300 ಕಡಿತವಾದ ದಿನ ಅಂಗಡಿಯವರಿಗೆ ಮೋಸದಂತೆ ಕಾಣುವುದು ಸಹಜ. ವರ್ಷವಿಡೀ ಒಂದೇ ಬಜೆಟ್ ಇಡುವುದೂ ಸರಿಯಲ್ಲ. ಬೇಸಿಗೆಯಲ್ಲಿ ಕಾಲುವೆಯ ಕೊನೆಭಾಗಕ್ಕೆ ನೀರು ಸಾಲದೆ ಪಂಪ್‌ಸೆಟ್‌ಗಳು ಹೆಚ್ಚು ಓಡುತ್ತವೆ, ವೋಲ್ಟೇಜ್ ಇಳಿದಾಗ ಮೋಟರ್ ಸುಡುತ್ತದೆ. ಹಣ ಹಾಕಬೇಕಾದ ಕಾಲ ಅದು.

ಸೇವೆಯ ದೊಡ್ಡ ದೌರ್ಬಲ್ಯ ಇರುವುದು ತಿಂಗಳ ವರದಿಯಲ್ಲಿ. ಜಾಹೀರಾತು ಎಷ್ಟು ಸಲ ಕಂಡಿತು, ಎಷ್ಟು ಕ್ಲಿಕ್ ಬಂದವು ಎಂಬ ಬಣ್ಣದ ಚಾರ್ಟುಗಳಿಂದ ಗಲ್ಲಾಪೆಟ್ಟಿಗೆಗೆ ಏನು ಬಂತೆಂದು ತಿಳಿಯುವುದಿಲ್ಲ. ಮೇಲಿನ ಅಂಗಡಿಗೆ 60 ಕರೆ ಬಂದು, ಅವುಗಳಿಂದ 12 ಮೋಟರ್ ಕೆಲಸಕ್ಕೆ ಬಂದವು, ಸೇವೆಯ ಶುಲ್ಕ 2,000 ರೂಪಾಯಿ ಎಂದುಕೊಂಡರೆ ಒಟ್ಟು ಖರ್ಚು 7,381. ವರದಿ ಹೀಗಿದ್ದರೆ ಸಾಕು: ‘ಒಂದು ಮೋಟರ್ ತರಿಸಲು 615 ರೂಪಾಯಿ ಬಿತ್ತು.’ ಸಾಮಾನು, ಕೂಲಿ ಕಳೆದು ಒಂದು ಮೋಟರಿನಲ್ಲಿ 900 ಉಳಿಯುವುದಾದರೆ ಜಾಹೀರಾತು ಗಿಟ್ಟಿತು. 500 ಉಳಿಯುವುದಾದರೆ ನಷ್ಟ. ಈ ಸಾಲು ಬರೆಯಲು ಅಂಗಡಿಯಲ್ಲಿ ಒಂದು ನೋಟ್‌ಬುಕ್ ಬೇಕು. ಕರೆ ಎತ್ತಿದವರು ‘ನಂಬರ್ ಎಲ್ಲಿ ಸಿಕ್ತು?’ ಎಂದು ಕೇಳಿ ಬರೆದಿಡಬೇಕು. ಕರೆಗಳ ಸಂಖ್ಯೆಯನ್ನು ಗೂಗಲ್ ಕೊಡುತ್ತದೆ, ಮೋಟರ್ ಬಂತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಹನ್ನೆರಡು ಕೆಲಸಗಳಂಥ ಚಿಕ್ಕ ಸಂಖ್ಯೆಯಿಂದ ಒಂದೇ ತಿಂಗಳಲ್ಲಿ ತೀರ್ಮಾನಕ್ಕೆ ಬರುವುದೂ ತಪ್ಪು. ಮುಂದಿನ ತಿಂಗಳು ಅದು ಏಳಾಗಬಹುದು, ಹದಿನೇಳಾಗಬಹುದು. ಒಂದು ಬೆಳೆಯ ಅವಧಿಯಷ್ಟಾದರೂ ಲೆಕ್ಕ ನೋಡಬೇಕು.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿಯ ಹೆಸರು, ಫೋನ್, ಸಮಯ ತುಂಬಲು ಹಣ ಬೇಕಿಲ್ಲ; ಕ್ಯಾಂಪಿನ ಅಂಗಡಿಗೆ ಮೊದಲು ಆಗಬೇಕಾದದ್ದು ಅದು. ಅದಾದ ಮೇಲೂ ಕೆಲಸ ಸಾಲದಿದ್ದರೆ ಜಾಹೀರಾತು ತಕ್ಕುದು. ಆಗಲೂ ಖಾತೆ ಅಂಗಡಿಯವರ ಹೆಸರಿನಲ್ಲೇ ಇರಬೇಕು, ನಡೆಸುವವರಿಗೆ ಪ್ರವೇಶ ಮಾತ್ರ ಕೊಡಬೇಕು. ಒಬ್ಬ ಗಿರಾಕಿಗೆ ಎಷ್ಟು ಬಿತ್ತೆಂದು ಹೇಳಲು ಹಿಂಜರಿಯುವವರಿಗೆ ಈ ಕೆಲಸ ಕೊಡಬಾರದು.