ತಪ್ಪು ಜಾಗದ ಸ್ವಾಬ್

ದೊಡ್ಡ ಊರಿನಲ್ಲಿ ಸಂಸಾರ ಹೂಡಿದ ಮಗಳು ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ಕುಳಗೇರಿ ಕ್ರಾಸ್ ಸುತ್ತಿನ ತವರಿಗೆ ಬಂದರೆ, ಜೊತೆಗೆ ಆಸ್ಪತ್ರೆಯ ದಪ್ಪ ಫೈಲು ಬರುತ್ತದೆ. ಅದರಲ್ಲಿ ಇತ್ತೀಚೆಗೆ 'ಜಿಬಿಎಸ್: ಬೆಳವಣಿಗೆ ಇಲ್ಲ' ಎಂಬ ವರದಿಯೂ ಇರುವುದುಂಟು. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ತಾಯಿಯಲ್ಲಿ ಕಾಣಲಿಲ್ಲ ಎಂದು ಇದರ ಅರ್ಥ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ವಾಡಿಕೆಯಲ್ಲಿಲ್ಲದ ಕಾರಣ ಮನೆಯವರಿಗೆ ಆ ಹಾಳೆಯ ಮೇಲೆ ಅಪಾರ ಭರವಸೆ. ಪರೀಕ್ಷೆಗೆ ಆ ಗೌರವ ಸಲ್ಲಬೇಕು. ನಮ್ಮಲ್ಲಿ ಅದನ್ನು ಮಾಡುವ ರೀತಿಗೆ ಮಾತ್ರ ಸಲ್ಲದು.

ಪರೀಕ್ಷೆಯ ಕೀರ್ತಿ ಪುಕ್ಕಟೆ ಬಂದದ್ದಲ್ಲ. ಈ ಬ್ಯಾಕ್ಟೀರಿಯಾ ಆರೋಗ್ಯವಂತ ಹೆಂಗಸರ ಕರುಳಿನಲ್ಲಿ, ಯೋನಿಯಲ್ಲಿ ಸದ್ದಿಲ್ಲದೆ ವಾಸವಾಗಿರುತ್ತದೆ. ತಾಯಿಗೆ ಸಾಮಾನ್ಯವಾಗಿ ಏನೂ ತೊಂದರೆಯಿಲ್ಲ. ಹೆರಿಗೆಯಲ್ಲಿ ಅದಿರುವ ತಾಯಂದಿರ ಮಕ್ಕಳ ಪೈಕಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಅದು ಅಂಟಿಕೊಳ್ಳುತ್ತದೆ. ಔಷಧಿ ಕೊಡದಿದ್ದರೆ ಇಂಥ ನೂರು ತಾಯಂದಿರ ಮಕ್ಕಳಲ್ಲಿ ಒಂದೋ ಎರಡೋ ಕೂಸುಗಳಿಗೆ ರಕ್ತದ ನಂಜು, ನ್ಯುಮೋನಿಯಾ ಅಥವಾ ಮಿದುಳು ಪೊರೆಯ ಉರಿಯೂತ ಬರುತ್ತದೆ. ಹೆಚ್ಚಿನವಕ್ಕೆ ಬರುವುದು ಹುಟ್ಟಿದ ಮೊದಲ ದಿನವೇ: ಕೂಸು ನರಳುತ್ತದೆ, ಉಸಿರು ನಿಮಿಷಕ್ಕೆ ಅರವತ್ತು ದಾಟುತ್ತದೆ, ಮೊಲೆ ಹಿಡಿಯುವುದಿಲ್ಲ. ಅಮೆರಿಕದಲ್ಲಿ 1990ರಲ್ಲಿ ಸಾವಿರ ಜನನಕ್ಕೆ 1.8ರಷ್ಟಿದ್ದ ಈ ಮೊದಲ ವಾರದ ಕಾಯಿಲೆ, ಹೆರಿಗೆ ಹೊತ್ತಿನ ಆ್ಯಂಟಿಬಯಾಟಿಕ್ ರೂಢಿಯಾದ ಮೇಲೆ 2015ರಲ್ಲಿ 0.23ಕ್ಕೆ ಇಳಿಯಿತು.

ಹೆರಿಗೆ ಹೊತ್ತಿನಲ್ಲೇ ಏಕೆ? ವರದಿ ಬಂದ ಕೂಡಲೇ ಒಂದು ವಾರ ಮಾತ್ರೆ ನುಂಗಿಸುವ ವೈದ್ಯರಿದ್ದಾರೆ. ಅದರಿಂದ ಕೂಸಿಗೆ ಪ್ರಯೋಜನವಿಲ್ಲ. ಮಾತ್ರೆ ಯೋನಿಯನ್ನು ಕೆಲವು ದಿನ ಶುಚಿ ಮಾಡೀತು. ಕರುಳಿನ ನೆಲೆ ಹಾಗೇ ಉಳಿದು, ಹೆರಿಗೆಯ ಹೊತ್ತಿಗೆ ಬ್ಯಾಕ್ಟೀರಿಯಾ ಮತ್ತೆ ಬಂದಿರುತ್ತದೆ. (ಮೂತ್ರದಲ್ಲೇ ಸೋಂಕಿದ್ದರೆ ಮಾತು ಬೇರೆ; ಆಗ ಸೋಂಕಿಗೂ ಮದ್ದು ಬೇಕು, ಹೆರಿಗೆಯಲ್ಲೂ ಇಂಜೆಕ್ಷನ್ ಬೇಕು.) ಬ್ಯಾನಿ ಹತ್ತಿದ ಮೇಲೆ ಆಂಪಿಸಿಲಿನ್ 2 ಗ್ರಾಂ ರಕ್ತನಾಳಕ್ಕೆ ಕೊಟ್ಟು, ಹೆರಿಗೆಯಾಗುವ ತನಕ ನಾಲ್ಕು ತಾಸಿಗೊಮ್ಮೆ 1 ಗ್ರಾಂ ಕೊಟ್ಟರೆ ಹಾದಿಯಲ್ಲಿನ ಬ್ಯಾಕ್ಟೀರಿಯಾ ತಗ್ಗುತ್ತದೆ, ಮದ್ದು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ಮುಟ್ಟುತ್ತದೆ. ಮೊದಲ ಡೋಸ್ ಹೆರಿಗೆಗೆ ಕನಿಷ್ಠ ನಾಲ್ಕು ತಾಸು ಮುಂಚೆ ಸಿಕ್ಕಿದರೆ ಅದನ್ನು ಸಾಕಷ್ಟು ರಕ್ಷಣೆ ಎಂದು ಎಣಿಸುತ್ತಾರೆ. ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಬೇರೆ ಮದ್ದು ಆರಿಸಬೇಕು. ಅದನ್ನು ಬ್ಯಾನಿಗೆ ಮುಂಚೆಯೇ ಕೇಳಿ ಬರೆದಿಟ್ಟುಕೊಂಡಿರಬೇಕು.

ಇನ್ನು ಸ್ವಾಬಿನ ವಿಷಯ. ವಿಧಾನದಲ್ಲಿ ಗೊಂದಲವಿಲ್ಲ. 36 ವಾರ ತುಂಬಿದ ಮೇಲೆ, 38 ತುಂಬುವುದರೊಳಗೆ, ಯೋನಿಯನ್ನು ಹಿಗ್ಗಿಸುವ ಸಲಕರಣೆ ಬಳಸದೆ, ಮೊದಲು ಯೋನಿಯ ಬಾಯಿಯ ಹತ್ತಿರದ ಕೆಳಭಾಗವನ್ನು ಒರೆಸಬೇಕು. ಆಮೇಲೆ ಅದೇ ಸ್ವಾಬನ್ನು ಗುದದ್ವಾರದ ಬಿಗಿಸ್ನಾಯು ದಾಟಿಸಿ ಒಳಗೆ ತಿರುಗಿಸಿ ತೆಗೆಯಬೇಕು. ನಮ್ಮಲ್ಲಿ ಆಗುವುದೇನು? ಕೈರೂಢಿ ಎಂಬಂತೆ, ಬಿಳಿಮುಟ್ಟಿಗೆ ತೆಗೆಯುವ ಹಾಗೆಯೇ ಸಲಕರಣೆ ಹಾಕಿ ಗರ್ಭಕೊರಳ ಬಳಿಯ ಮೇಲ್ಭಾಗವನ್ನು ಒರೆಸುತ್ತಾರೆ. ಗುದದ ಮಾತು ಎತ್ತಲು ಒರೆಸುವವರಿಗೂ ಸಂಕೋಚ, ಒರೆಸಿಕೊಳ್ಳುವವಳಿಗೂ ಸಂಕೋಚ. ಬ್ಯಾಕ್ಟೀರಿಯಾದ ಮೂಲ ನೆಲೆಯೇ ಕರುಳಾಗಿರುವಾಗ ಅಲ್ಲಿ ಮುಟ್ಟದ ಸ್ವಾಬು ಏನನ್ನು ಹುಡುಕಿದಂತಾಯಿತು?

ಎರಡನೆಯ ತಪ್ಪು ಪ್ರಯೋಗಶಾಲೆಯದು. ಸ್ವಾಬನ್ನು ನೇರ ರಕ್ತದ ಅಗಾರ್ ತಟ್ಟೆಗೆ ಉಜ್ಜಿದರೆ ಕರುಳಿನ ಬೇರೆ ಬ್ಯಾಕ್ಟೀರಿಯಾಗಳು ಮುಸುಕಿ ಇದನ್ನು ಮರೆಮಾಡುತ್ತವೆ. ಹಾಗಾಗಿ ಆ ಉಳಿದವನ್ನು ತಡೆಯುವ ಆ್ಯಂಟಿಬಯಾಟಿಕ್ ಬೆರೆಸಿದ ದ್ರವದಲ್ಲಿ, ಲಿಮ್ ಬ್ರಾತ್‌ನಂಥದರಲ್ಲಿ, 18ರಿಂದ 24 ತಾಸು ಇಟ್ಟು ಆಮೇಲೆ ತಟ್ಟೆಗೆ ಹಾಕಬೇಕು. ಈ ಹಂತ ಬಿಟ್ಟರೆ ಬ್ಯಾಕ್ಟೀರಿಯಾ ಇರುವ ತಾಯಂದಿರಲ್ಲಿ ಅರ್ಧದಷ್ಟು ಜನರೂ ತಪ್ಪಿಹೋಗಬಹುದು. ವರದಿಯ ಹಾಳೆಯಲ್ಲಿ ಎಲ್ಲಿಂದ ತೆಗೆದದ್ದು, ಬ್ರಾತ್ ಬಳಸಿದ್ದೋ ಇಲ್ಲವೋ ಎಂಬುದು ಇರದಿದ್ದರೆ 'ಬೆಳವಣಿಗೆ ಇಲ್ಲ' ಎಂಬ ಮಾತಿಗೆ ಬೆಲೆಯಿಲ್ಲ.

ಬೆಲೆಯಿಲ್ಲದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದು ಹಾನಿಯನ್ನೂ ಮಾಡುತ್ತದೆ. ದಿನ ತುಂಬಿದ ಒಬ್ಬ ಗರ್ಭಿಣಿಗೆ ಸಂಜೆ ಆರಕ್ಕೆ ಮನೆಯಲ್ಲಿ ನೀರು ಒಡೆಯಿತು ಎಂದಿಟ್ಟುಕೊಳ್ಳಿ. ಜ್ವರವಿಲ್ಲ. ಬ್ಯಾನಿ ನಿಧಾನ. ಬೆಳಗ್ಗೆ ಎಂಟಕ್ಕೆ ಆಸ್ಪತ್ರೆ ತಲುಪಿದಳು, ಮಧ್ಯಾಹ್ನ ಒಂದಕ್ಕೆ ಹೆರಿಗೆ. ಸರಿಯಾಗಿ ತೆಗೆದ ಸ್ವಾಬು ಪಾಸಿಟಿವ್ ಎಂದಿದ್ದರೆ ಎಂಟಕ್ಕೇ ಮೊದಲ ಡೋಸ್. ಕೂಸಿಗೆ ಐದು ತಾಸಿನ ರಕ್ಷಣೆ. ಪರೀಕ್ಷೆಯೇ ಆಗಿರದಿದ್ದರೆ, ನೀರು ಒಡೆದು 18 ತಾಸಾದಾಗ ಆ್ಯಂಟಿಬಯಾಟಿಕ್ ಕೊಡಬೇಕೆಂಬ ನಿಯಮ ಮಧ್ಯಾಹ್ನ ಹನ್ನೆರಡಕ್ಕೆ ಅನ್ವಯಿಸುತ್ತದೆ. ಸಿಗುವುದು ಒಂದೇ ತಾಸು, ಆದರೂ ಸಿಗುತ್ತದೆ. ಫೈಲಿನಲ್ಲಿ ನೆಗೆಟಿವ್ ವರದಿ ಇದ್ದರೆ? ನೆಗೆಟಿವ್ ಇರುವವಳಿಗೆ, ಜ್ವರ ಮುಂತಾದ ಸೋಂಕಿನ ಲಕ್ಷಣ ಇಲ್ಲದಿದ್ದರೆ, 18 ತಾಸು ದಾಟಿದರೂ ಜಿಬಿಎಸ್‌ಗಾಗಿ ಮದ್ದು ಬೇಕಿಲ್ಲ ಎನ್ನುತ್ತದೆ ಅಮೆರಿಕದ ಮಾರ್ಗಸೂಚಿ. ಸರಿಯಾದ ಸ್ವಾಬಿಗೆ ಆ ಮಾತು ಸರಿ. ತಪ್ಪು ಜಾಗದ ಸ್ವಾಬಿಗೆ ಅದೇ ಮಾತು ಅನ್ವಯಿಸಿದರೆ, ಪರೀಕ್ಷೆಯನ್ನೇ ಮಾಡಿಸದ ತಾಯಿಗೆ ಸಿಗುವ ಆ ಒಂದು ತಾಸೂ ಇವಳಿಗೆ ಸಿಗುವುದಿಲ್ಲ.

ಇಲ್ಲಿ ಎರಡು ಬಗೆಯ ವಿಮರ್ಶಕರೊಡನೆ ನನಗೆ ಜಗಳವಿದೆ. ಭಾರತದಲ್ಲಿ ಈ ಬ್ಯಾಕ್ಟೀರಿಯಾ ಅಪರೂಪ, ಆದ್ದರಿಂದ ಪರೀಕ್ಷೆಯೇ ದಂಡ ಎನ್ನುವವರು ಮೊದಲ ಗುಂಪು. ದೆಹಲಿಯ ಮೂರು ಆಸ್ಪತ್ರೆಗಳ ನವಜಾತ ಸೋಂಕಿನ ಅಧ್ಯಯನ 2016ರಲ್ಲಿ ಪ್ರಕಟವಾದಾಗ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೊಲೈ ಮುಂದಿದ್ದವು ನಿಜ. ನಮ್ಮ ಕೂಸುಗಳಿಗೆ ಅವೇ ದೊಡ್ಡ ಶತ್ರುಗಳು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಕ್ಷಿಣ ಏಷ್ಯಾದಲ್ಲಿ ಎಂಟು ಗರ್ಭಿಣಿಯರಲ್ಲಿ ಸುಮಾರು ಒಬ್ಬರಲ್ಲಿ ಈ ಬ್ಯಾಕ್ಟೀರಿಯಾ ಇದೆ ಎಂದು 2017ರ ಜಾಗತಿಕ ಅಂದಾಜು ಹೇಳುತ್ತದೆ. ಬ್ರಾತ್ ಇಲ್ಲದೆ, ಗುದ ಮುಟ್ಟದೆ ಹುಡುಕಿದ ಕಡೆಯ ಲೆಕ್ಕವನ್ನು ಹಿಡಿದು ಅಪರೂಪ ಎಂದರೆ ಒಪ್ಪಲಾಗದು.

ಎರಡನೆಯವರು, ಪರೀಕ್ಷೆಯ ರಗಳೆ ಬೇಡ, ಹೆರುವ ಎಲ್ಲರಿಗೂ ಒಂದು ಆ್ಯಂಟಿಬಯಾಟಿಕ್ ಕೊಟ್ಟುಬಿಡಿ ಎನ್ನುವವರು. ಇದಕ್ಕೆ ಉತ್ತರ ನಮ್ಮ ಪಕ್ಕದ ಬೆಳಗಾವಿಯಲ್ಲೇ ಇದೆ. ಬೆಳಗಾವಿಯೂ ಒಂದು ಕೇಂದ್ರವಾಗಿದ್ದ ಬಹುದೇಶೀಯ ಪ್ರಯೋಗದಲ್ಲಿ ಹೆರಿಗೆ ಬ್ಯಾನಿಯಲ್ಲಿದ್ದ ಹೆಂಗಸರಿಗೆ ಅಜಿಥ್ರೊಮೈಸಿನ್ 2 ಗ್ರಾಂ ಒಮ್ಮೆ ನುಂಗಿಸಿದರು. 2023ರಲ್ಲಿ ಬಂದ ಫಲಿತಾಂಶದಂತೆ ತಾಯಂದಿರ ನಂಜು ಅಥವಾ ಸಾವು ನೂರಕ್ಕೆ 2.4ರಿಂದ 1.6ಕ್ಕೆ ಇಳಿಯಿತು. ಅದು ದೊಡ್ಡ ಲಾಭ. ಕೂಸುಗಳ ನಂಜು ಮತ್ತು ಸಾವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಆ ಮಾತ್ರೆಯನ್ನು ಸ್ವಾಬಿನ ಬದಲಿಗೆ ನಿಲ್ಲಿಸಲು ಬರುವುದಿಲ್ಲ.

ಸರಿಯಾದ ಪರೀಕ್ಷೆಗೂ ಮಿತಿಗಳಿವೆ. ಐದು ವಾರ ದಾಟಿದರೆ ವರದಿ ಹಳತು. ದಿನ ತುಂಬುವ ಮೊದಲೇ ಹೆತ್ತವಳಿಗೆ ಅದು ಸಿಗುವುದೇ ಇಲ್ಲ. ಮೊದಲ ವಾರ ಕಳೆದ ಮೇಲೆ ಬರುವ ಕಾಯಿಲೆಯನ್ನು ಹೆರಿಗೆಯ ಇಂಜೆಕ್ಷನ್ ತಡೆಯುವುದಿಲ್ಲ.

ನನ್ನ ತೀರ್ಪು ಇಷ್ಟು: ಯೋನಿಯ ಕೆಳಭಾಗ ಮತ್ತು ಗುದ ಎರಡರಿಂದಲೂ ತೆಗೆದು ಬ್ರಾತ್‌ನಲ್ಲಿ ಬೆಳೆಸಿದ ವರದಿಯನ್ನು ಮಾತ್ರ ನೆಗೆಟಿವ್ ಎಂದು ನಂಬಬೇಕು. ಬೇರೆ ನೆಗೆಟಿವ್ ವರದಿ ತಂದವಳನ್ನು ಪರೀಕ್ಷೆ ಆಗದವಳಂತೆಯೇ ನೋಡಬೇಕು: 38 ಡಿಗ್ರಿ ಜ್ವರ, 37 ವಾರದೊಳಗಿನ ಹೆರಿಗೆ, ನೀರು ಒಡೆದು 18 ತಾಸು, ಇವುಗಳಲ್ಲಿ ಒಂದಿದ್ದರೂ ಇಂಜೆಕ್ಷನ್ ಶುರುವಾಗಬೇಕು. ಮನೆಯವರಲ್ಲಿ ಒಂದು ವಿನಂತಿ. "ನೀರು ಯಾವಾಗ ಹ್ವಾದ್ವು?" ಎಂದು ಸಿಸ್ಟರ್ ಕೇಳಿದಾಗ "ನಿನ್ನೆ ಸಂಜೀಕ" ಎಂದರೆ ಸಾಲದು. ನೀರು ಒಡೆದ ಕೂಡಲೇ ಆಸ್ಪತ್ರೆಗೆ ಹೊರಡಿ, ಹೊರಡುವ ಮುಂಚೆ ಗಡಿಯಾರ ನೋಡಿ ಆ ಹೊತ್ತನ್ನು ತಾಯಿ ಕಾರ್ಡಿನ ಮೇಲೆ ಬರೆಯಿರಿ.