ಸಾರಾಂಶದಲ್ಲಿ ಕಾಣದ ಕೊಪ್ಪ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಾಫಿ ಮತ್ತು ಅಡಿಕೆ ತೋಟಗಳಲ್ಲಿ ಕಾಡಿನ ಜೀವಿಗಳು ಎಷ್ಟರಮಟ್ಟಿಗೆ ಉಳಿದಿವೆ? ಇದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ಉತ್ತರ ಹೇಳಬೇಕೆಂದರೆ, ಇಂದು ಪರಿಸರ ವಿಜ್ಞಾನ ಒಪ್ಪುವ ಮಾರ್ಗ ವ್ಯವಸ್ಥಿತ ಸಾಹಿತ್ಯ ಪರಿಶೀಲನೆ. ಯಾವ ಪದಗಳಿಂದ ಹುಡುಕುತ್ತೇವೆ, ಯಾವುದನ್ನು ಸೇರಿಸುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದನ್ನು ಮೊದಲೇ ಬರೆದಿಟ್ಟು, ಸಿಕ್ಕ ಪ್ರತಿ ದಾಖಲೆಯ ಗತಿಯನ್ನೂ ನಕ್ಷೆಯಲ್ಲಿ ತೋರಿಸಬೇಕು. ವೈದ್ಯಕೀಯದಿಂದ ಬಂದ ಪ್ರಿಸ್ಮಾ ನಕ್ಷೆಯ ಪರಿಷ್ಕೃತ ರೂಪ ಪ್ರಿಸ್ಮಾ 2020. ಪರಿಸರ ಕ್ಷೇತ್ರಕ್ಕೆಂದೇ 2018ರಲ್ಲಿ ರೋಸಸ್, 2021ರಲ್ಲಿ ಪ್ರಿಸ್ಮಾ-ಇಕೋಇವೋ ಬಂದವು. ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ತಮಗೆ ಗೊತ್ತಿದ್ದ, ತಮಗೆ ಒಪ್ಪುವ ಲೇಖನಗಳನ್ನಷ್ಟೇ ಆಯ್ದು ತೀರ್ಮಾನ ಹೇಳುವ ಹಳೆಯ ರೂಢಿಗೆ ಅದು ತಡೆ ಹಾಕಿದೆ. ಆದರೆ ಮೂರು ತಾಲ್ಲೂಕುಗಳಷ್ಟು ಸಣ್ಣ ಪ್ರದೇಶಕ್ಕೆ ಅದನ್ನು ಇದ್ದಂತೆಯೇ ಬಳಸಿದರೆ ಮೊದಲ ಸೋಸುವಿಕೆಯಲ್ಲೇ ಪೆಟ್ಟು ಬೀಳುತ್ತದೆ. ಬಿದ್ದ ಪೆಟ್ಟು ನಕ್ಷೆಯಲ್ಲಿ ಕಾಣುವುದೂ ಇಲ್ಲ.

ಎರಡು ಲೇಖನಗಳನ್ನು ತೆಗೆದುಕೊಳ್ಳೋಣ. ಅರ್ಚನಾ ಬಾಲಿ, ಅಜಿತ್ ಕುಮಾರ್, ಜಗದೀಶ್ ಕೃಷ್ಣಸ್ವಾಮಿ ಅವರು 2007ರಲ್ಲಿ ಕಾಫಿ ತೋಟಗಳ ಸ್ತನಿಗಳ ಬಗ್ಗೆ ಬರೆದರು. 2008ರಲ್ಲಿ ದೋಲಿಯಾ ಮತ್ತು ಸಂಗಡಿಗರು ಅದೇ ಬಗೆಯ ತೋಟಗಳ ಚಿಟ್ಟೆಗಳ ಬಗ್ಗೆ ಬರೆದರು. ಎರಡರ ಶೀರ್ಷಿಕೆಯೂ ಹೇಳುವುದು ಇಷ್ಟೇ: ಭಾರತದ ಪಶ್ಚಿಮ ಘಟ್ಟದ ಒಂದು ಸಂರಕ್ಷಿತ ಪ್ರದೇಶದ ಸುತ್ತಲಿನ ಕಾಫಿ ತೋಟಗಳು. ಆ ಸಂರಕ್ಷಿತ ಪ್ರದೇಶ ಭದ್ರಾ ಅಭಯಾರಣ್ಯ. ಶೀರ್ಷಿಕೆಯಲ್ಲಿ ತಾಲ್ಲೂಕಿಲ್ಲ, ಜಿಲ್ಲೆಯಿಲ್ಲ, ಭದ್ರಾ ಎಂಬ ಹೆಸರೂ ಇಲ್ಲ. ಹೊರದೇಶದ ಓದುಗರಿಗಾಗಿ ಹೀಗೆ ಬರೆಯುವುದು ರೂಢಿ, ಅದರಲ್ಲಿ ಲೇಖಕರ ತಪ್ಪೇನಿಲ್ಲ. ಅಭಯಾರಣ್ಯದ ಸುತ್ತಲೂ ಹಲವು ತಾಲ್ಲೂಕುಗಳಿವೆ. ಯಾವ ತೋಟ ಎನ್.ಆರ್.ಪುರದ ಕಡೆಯದು, ಯಾವುದು ಮುತ್ತೋಡಿ ಕಡೆಯದು ಎಂಬುದು ತಿಳಿಯಬೇಕಾದರೆ ಪೂರ್ಣಪಾಠದ ವಿಧಾನ ಭಾಗವನ್ನೂ ನಕಾಶೆಯನ್ನೂ ನೋಡಬೇಕು.

ವೆಬ್ ಆಫ್ ಸೈನ್ಸ್, ಸ್ಕೋಪಸ್‌ಗಳಲ್ಲಿ ವಿಷಯವಾರು ಹುಡುಕಾಟ ಸಾಮಾನ್ಯವಾಗಿ ಶೀರ್ಷಿಕೆ, ಸಾರಾಂಶ, ಸೂಚಕ ಪದಗಳನ್ನಷ್ಟೇ ಓದುತ್ತದೆ. ಹಾಗಾಗಿ "ಕೊಪ್ಪ" ಎಂದು ಬೆರಳಚ್ಚಿಸಿದವನಿಗೆ ಇಂಥ ಲೇಖನಗಳು ಸಿಗುವುದಿಲ್ಲ. ಇನ್ನೊಂದು ತೊಡಕು, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲೂ ಒಂದು ಕೊಪ್ಪವಿದೆ, ಅಲ್ಲಿನ ಕೃಷಿ ಲೇಖನಗಳು ಸೇರಿಕೊಳ್ಳುತ್ತವೆ. ಕಾಗುಣಿತದ ಕಾಟ ಬೇರೆ. ಜಿಲ್ಲೆಯ ಹೆಸರೇ ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಬಗೆ. ಆದ್ದರಿಂದ ಹುಡುಕು ಸೂತ್ರದ ಸ್ಥಳ ಭಾಗವನ್ನು ದೊಡ್ಡದಾಗಿಯೇ ಇಡಬೇಕು:

```
(coffee OR areca* OR agroforest*)
AND (bird* OR mammal* OR butterfl* OR amphibia*)
AND ("Western Ghats" OR Malnad OR Bhadra
  OR Chikmagalur OR Chickmagalur OR Chikkamagaluru
  OR Sringeri OR Shringeri OR Narasimharajapura)
```

ಇಲ್ಲಿ ಕೊಪ್ಪವನ್ನು ಬೇಕೆಂದೇ ಬಿಟ್ಟಿದ್ದೇನೆ. ಕೊಪ್ಪದ ಜತೆ ಜಿಲ್ಲೆಯ ಹೆಸರೂ ಇರುವ ಲೇಖನ ಈ ಸೂತ್ರಕ್ಕೆ ಹೇಗೂ ಸಿಗುತ್ತದೆ. ಸೂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ಮೊದಲೇ ಗೊತ್ತಿರುವ ಕೆಲವು ಲೇಖನಗಳ ಪಟ್ಟಿ ಮಾಡಿ, ಅವು ಫಲಿತಾಂಶದಲ್ಲಿ ಬಂದವೇ ಎಂದು ನೋಡಬೇಕು. ಬಾಲಿ ಮತ್ತು ದೋಲಿಯಾ ಲೇಖನಗಳು ಅಂಥ ಪಟ್ಟಿಗೆ ಹೇಳಿ ಮಾಡಿಸಿದಂತಿವೆ. "ಪಶ್ಚಿಮ ಘಟ್ಟ" ಎಂಬ ಪದಗುಚ್ಛ ಸೂತ್ರದಲ್ಲಿದ್ದರೆ ಶೀರ್ಷಿಕೆಯಿಂದಲೇ ಅವು ಬರುತ್ತವೆ, ತೆಗೆದರೆ ಸಾರಾಂಶದಲ್ಲೋ ಸೂಚಕ ಪದಗಳಲ್ಲೋ ಸ್ಥಳದ ಹೆಸರಿದ್ದರೆ ಮಾತ್ರ ಬರುತ್ತವೆ. ಆದರೆ ಅದನ್ನು ಸೇರಿಸಿದೊಡನೆ ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯ ತನಕದ ಘಟ್ಟವೆಲ್ಲ ರಾಶಿ ಬೀಳುತ್ತದೆ.

ಎಡವುವುದು ಈ ರಾಶಿಯನ್ನು ಸೋಸುವಾಗ. ಇಬ್ಬರು ಪರಿಶೀಲಕರು ಶೀರ್ಷಿಕೆ, ಸಾರಾಂಶ ಓದಿ "ನಮ್ಮ ಮೂರು ತಾಲ್ಲೂಕಿನದಲ್ಲ" ಎಂದು ಪಕ್ಕಕ್ಕಿಡುತ್ತಾರೆ. ನಿಜದಲ್ಲಿ ಅವರು ಹೇಳಬಹುದಾಗಿದ್ದುದು "ಎಲ್ಲಿಯದೆಂದು ಬರೆದಿಲ್ಲ" ಎಂಬಷ್ಟೇ. ಪ್ರಿಸ್ಮಾ ನಕ್ಷೆ ಪೂರ್ಣಪಾಠ ಓದಿದ ಮೇಲೆ ಕೈಬಿಟ್ಟವಕ್ಕೆ ಕಾರಣ ಕೇಳುತ್ತದೆ, ಸಾರಾಂಶದ ಹಂತದಲ್ಲಿ ಕೈಬಿಟ್ಟವಕ್ಕೆ ಸಂಖ್ಯೆ ಕೊಟ್ಟರೆ ಸಾಕು. ಹೀಗೆ ಸ್ಥಳ ಹೇಳದ ಲೇಖನಗಳು ಒಂದೇ ಚೌಕದೊಳಗಿನ ಅಂಕಿಯಾಗಿ ಕರಗಿಹೋಗುತ್ತವೆ. ಕೊನೆಗೆ "ಕೊಪ್ಪದಲ್ಲಿ ಅಧ್ಯಯನಗಳು ವಿರಳ" ಎಂಬ ವಾಕ್ಯ ಬರುತ್ತದೆ, ಮುಂದಿನವರು ಅದನ್ನೇ ಉಲ್ಲೇಖಿಸುತ್ತಾರೆ.

ಇದನ್ನು ಪತ್ತೆಹಚ್ಚುವ ದಾರಿ ಪರಿಶೀಲಕರ ಭಿನ್ನಾಭಿಪ್ರಾಯದಲ್ಲೇ ಇದೆ. 200 ದಾಖಲೆಗಳ ಮಾದರಿ ಎಂದಿಟ್ಟುಕೊಳ್ಳಿ. ಇಬ್ಬರೂ 4ನ್ನು ಸೇರಿಸಿದರು, 184ನ್ನು ಬಿಟ್ಟರು. ಉಳಿದ 12ರಲ್ಲಿ ಆರನ್ನು ಒಬ್ಬರು, ಆರನ್ನು ಇನ್ನೊಬ್ಬರು ಮಾತ್ರ ಸೇರಿಸಿದರು. ಒಮ್ಮತ ಶೇ. 94. ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಶೇ. 95ರಷ್ಟನ್ನು ಬಿಡುವವರಾದ್ದರಿಂದ, ಕಣ್ಣುಮುಚ್ಚಿ ಗುರುತು ಹಾಕಿದರೂ ಶೇ. 90.5 ಹೊಂದಿಕೆಯಾಗುತ್ತದೆ. ಆ ಆಕಸ್ಮಿಕವನ್ನು ಕಳೆದು ಲೆಕ್ಕ ಹಾಕುವ ಕೋಹೆನ್ನರ ಕಪ್ಪಾ ಸುಮಾರು 0.37 ಮಾತ್ರ. ಬಹುಪಾಲು ದಾಖಲೆಗಳು ತಿರಸ್ಕೃತವಾಗುವಲ್ಲಿ ಕಪ್ಪಾ ಹೇಗೂ ಕುಸಿಯುತ್ತದೆ, ಆದ್ದರಿಂದ ಅದೊಂದರಿಂದಲೇ ಪರಿಶೀಲಕರನ್ನು ದೂರಲಾಗದು. ನೋಡಬೇಕಾದ್ದು ಆ 12 ದಾಖಲೆಗಳನ್ನು. ಅವುಗಳಲ್ಲಿ ಹೆಚ್ಚಿನವು ಸ್ಥಳ ಹೇಳದವಾಗಿದ್ದರೆ ದೋಷ ಓದುಗರದಲ್ಲ, ನಿಯಮದ್ದು.

ಹಾಗಾದರೆ ನಿಯಮ ಹೇಗಿರಬೇಕು? ಮೊದಲ ಹಂತದಲ್ಲಿ ಜೀವಿ ಯಾವುದು, ತೋಟ ಯಾವ ಬಗೆಯದು ಎಂಬುದನ್ನು ಮಾತ್ರ ಕೇಳಬೇಕು. ಬೇರೆ ಊರೆಂದು ಸಾರಾಂಶವೇ ಸ್ಪಷ್ಟವಾಗಿ ಹೇಳಿದ್ದರೆ ಬಿಡಬಹುದು, ಸುಮ್ಮನಿದ್ದರೆ ಮುಂದಕ್ಕೆ ಕಳಿಸಬೇಕು. ತಾಲ್ಲೂಕಿನ ಪ್ರಶ್ನೆ ಪೂರ್ಣಪಾಠದ ಹಂತಕ್ಕೆ ಸೇರಿದ್ದು. ಅಲ್ಲಿಯೂ ನೋಡಬೇಕಾದ್ದು ಅಧ್ಯಯನ ನಡೆದ ತೋಟವನ್ನು, ಲೇಖಕರ ವಿಳಾಸವನ್ನಲ್ಲ. ಬಾಳೆಹೊನ್ನೂರಿನ ಹತ್ತಿರ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಿದೆ. ಎಲ್ಲ ಅಂಕಣಗಳಲ್ಲೂ ಹುಡುಕಿದರೆ ಆ ವಿಳಾಸದ ಲೇಖನಗಳು ಬರುತ್ತವೆ, ಆದರೆ ಪ್ರಯೋಗ ನಡೆದದ್ದು ಕೊಡಗಿನಲ್ಲೂ ಇರಬಹುದು. ಇನ್ನು ಕೃತಿ ಕಾರಂತ ಮತ್ತು ಸಂಗಡಿಗರ 2016ರ ಪಕ್ಷಿ ಅಧ್ಯಯನದಂಥವು ಮೂರನೆಯ ಬಗೆ. ಅದು ಚಿಕ್ಕಮಗಳೂರು, ಹಾಸನ, ಕೊಡಗು ಮೂರರ ಕಾಫಿ, ರಬ್ಬರ್, ಅಡಿಕೆ ತೋಟಗಳನ್ನು ಒಟ್ಟಿಗೆ ನೋಡುತ್ತದೆ. ಇಂಥ ಕಡೆ ತಾಲ್ಲೂಕುವಾರು ಅಂಕಿಗಾಗಿ ಲೇಖಕರಿಗೆ ಬರೆಯಬೇಕು. ಉತ್ತರ ಬಾರದಿದ್ದರೆ ಅದನ್ನೂ ದಾಖಲಿಸಬೇಕು.

ದಾಖಲೆಯ ಕಡತದಲ್ಲಿ ಪ್ರತಿ ಲೇಖನಕ್ಕೂ ಒಂದು ಸಂಖ್ಯೆ, ಎಲ್ಲಿ ಸಿಕ್ಕಿತು, ಯಾವ ದಿನ, ಯಾರ ತೀರ್ಮಾನ, ಏಕೆ ಎಂಬ ಅಂಕಣಗಳು ಸಾಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪ್ರಬಂಧಗಳಿಗಾಗಿ ಶೋಧಗಂಗಾವನ್ನು ಬೇರೆಯಾಗಿಯೇ ಹುಡುಕಬೇಕು. ಒಂದು ಪಿಎಚ್.ಡಿ. ಪ್ರಬಂಧವೂ ಅದರಿಂದ ಹುಟ್ಟಿದ ಎರಡು ಲೇಖನಗಳೂ ಮೂರು ದಾಖಲೆಗಳು, ಅಧ್ಯಯನ ಮಾತ್ರ ಒಂದೇ. ಇದನ್ನು ಗಮನಿಸದಿದ್ದರೆ ಒಂದೇ ತೋಟದ ಹಕ್ಕಿಗಳನ್ನು ಮೂರು ಸಲ ಎಣಿಸಿದಂತಾಗುತ್ತದೆ. ಗೂಗಲ್ ಸ್ಕಾಲರ್ ಪೂರ್ಣಪಾಠವನ್ನೂ ಹುಡುಕುವುದರಿಂದ ಕೊಪ್ಪದ ಹೆಸರನ್ನು ಹಿಡಿದುಕೊಡಬಲ್ಲದು. ಆದರೆ ಒಂದು ಹುಡುಕಾಟಕ್ಕೆ ಸಾವಿರಕ್ಕಿಂತ ಹೆಚ್ಚು ಫಲಿತಾಂಶ ತೋರಿಸದು, ನಾಳೆ ಹುಡುಕಿದರೆ ಅದೇ ಪಟ್ಟಿ ಬರುವ ಖಾತ್ರಿಯೂ ಇಲ್ಲ. ಅದು ಪೂರಕವಾಗಿರಲಿ, ಆಧಾರವಾಗುವುದು ಬೇಡ. "ಇಂಗ್ಲಿಷ್ ಮಾತ್ರ" ಎಂಬ ನಿಯಮವನ್ನಂತೂ ಈ ತಾಲ್ಲೂಕುಗಳಿಗೆ ಹಾಕಲೇಬಾರದು. ಸ್ಥಳ, ವರ್ಷ, ನೋಡಿದ ರೀತಿ ಬರೆದಿರುವ ಕನ್ನಡ ವರದಿಗೆ ಇಂಗ್ಲಿಷ್ ಲೇಖನದಷ್ಟೇ ಹಕ್ಕಿದೆ.

ಮಲೆನಾಡಿನ ಮೇಲೆ ಇಂಥ ಪರಿಶೀಲನೆ ಬರೆಯುವವರಲ್ಲಿ ನನ್ನ ಕೋರಿಕೆ ಒಂದೇ. ನಕ್ಷೆಯಲ್ಲಿ "ಸ್ಥಳ ತಿಳಿಯಲಿಲ್ಲ" ಎಂಬ ಚೌಕವೊಂದನ್ನು ಸೇರಿಸಿ, ಅದರಲ್ಲಿ ಎಷ್ಟು ಉಳಿದವು ಎಂದು ಬರೆಯಿರಿ. ಆ ಅಂಕಿ ಇಲ್ಲದೆ "ಈ ತಾಲ್ಲೂಕುಗಳಲ್ಲಿ ಅಧ್ಯಯನ ನಡೆದಿಲ್ಲ" ಎಂದು ಹೇಳುವ ಪರಿಶೀಲನೆಯನ್ನು ಸಂಪಾದಕರು ಒಪ್ಪಬಾರದು.