ಮೇಡಂ ಬರೆದ ಷರಾ: ರಸಿಕರಿಗೊಂದು ಕೈಪಿಡಿ

ಕೊನೆಯ ವರ್ಷದ ಬ್ರ್ಯಾಂಡಿಂಗ್ ಪ್ರಾಜೆಕ್ಟಿನ ಮೇಲೆ ಉಪನ್ಯಾಸಕರು ಬರೆದುಕೊಡುವ ಷರಾವನ್ನು ಅಂಕಪಟ್ಟಿಯ ಬಾಲ ಎಂದುಕೊಂಡು ಓದಿದರೆ ಏನೂ ಸಿಗುವುದಿಲ್ಲ. ಅದನ್ನು ಓದಲು ಕೂರುವಾಗ ವಿದ್ಯಾರ್ಥಿಯ ಕೆಲಸ ಪಕ್ಕದಲ್ಲೇ ಇರಬೇಕು. ಒಂದು ವಾಕ್ಯ ಓದಬೇಕು, ಕೆಲಸದ ಕಡೆ ಕಣ್ಣು ಹಾಯಿಸಬೇಕು, ಮತ್ತೆ ವಾಕ್ಯಕ್ಕೆ ಮರಳಬೇಕು. ನನಗೆ ಅದರ ರುಚಿ ಹತ್ತಿದ್ದು ಹೀಗೆ ಓದತೊಡಗಿದ ಮೇಲೆಯೇ.

ಒಂದು ಷರಾವನ್ನೇ ತೆಗೆದುಕೊಳ್ಳೋಣ. ವಿದ್ಯಾರ್ಥಿ ಆರಿಸಿಕೊಂಡದ್ದು ಎತ್ತಿನ ಗಾಣದಲ್ಲಿ ಕಡಲೆಕಾಯಿ ಎಣ್ಣೆ ತೆಗೆಯುವ ಒಂದು ಸಣ್ಣ ಘಟಕ. ಇಟ್ಟ ಹೆಸರು ‘ಒಕ್ಕಲು’. ಲೋಗೋದಲ್ಲಿ ಗಾಣ ಸುತ್ತುವ ಎತ್ತು, ಅದರ ಕೆಳಗೆ ಕನ್ನಡ ಅಕ್ಷರ. ಮೇಡಂ ಶುರು ಮಾಡಿದ್ದು ಹೀಗೆ: “ಬಾಟಲಿಯನ್ನು ಕಿಟಕಿಯ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಬಂದೆ. ಮೊದಲು ಎತ್ತು ಕಂಡಿತು, ಆಮೇಲೆ ಹಸಿರು. ಹೆಸರು ಓದಲಾಗಲಿಲ್ಲ.”

ಇಲ್ಲಿ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತೇ ಇಲ್ಲ. ಕಂಡದ್ದು ಯಾವ ಕ್ರಮದಲ್ಲಿ ಕಂಡಿತು ಎಂಬುದಷ್ಟೇ ಇದೆ. ಹುಡುಗನಿಗೆ ಒಪ್ಪಿಗೆಯಾಗದಿದ್ದರೆ ತಾನೂ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಬಹುದು. ‘ಇನ್ನೂ ಸ್ವಲ್ಪ ಕ್ರಿಯೇಟಿವ್ ಆಗಬೇಕಿತ್ತು’ ಎಂದು ಬರೆದಿದ್ದರೆ ಅವನು ಎಲ್ಲಿಗೆ ಹೋಗಿ ಏನನ್ನು ನೋಡಬೇಕಿತ್ತು? ಷರಾ ಒಳ್ಳೆಯದೋ ಅಲ್ಲವೋ ಎಂದು ನಾನು ಮೊದಲು ಅಳೆಯುವುದು ಇದರಿಂದಲೇ: ಓದಿದವನು ತನ್ನ ಕೈಯಾರೆ ಪರೀಕ್ಷಿಸಬಹುದಾದ ಮಾತು ಅದರಲ್ಲಿ ಎಷ್ಟಿದೆ?

ಮುಂದಿನ ಸಾಲು: “15 ಮಿಲಿಮೀಟರ್ ಅಗಲಕ್ಕೆ ಇಳಿಸಿ ಪ್ರಿಂಟ್ ತೆಗೆದೆ. ಕ ಒತ್ತು ಮಸಿಯ ಚುಕ್ಕೆಯಾಗಿದೆ. ಗೆರೆ ದಪ್ಪ ಮಾಡಬೇಡ.” ಇದನ್ನು ಸವಿಯಲು ಅಕ್ಷರದ ಬಗ್ಗೆ ಸ್ವಲ್ಪ ಗೊತ್ತಿರಬೇಕು. ಕ ಒತ್ತು ಎಂದರೆ ಹೆಚ್ಚುಕಡಿಮೆ ತಲೆಕಟ್ಟಿಲ್ಲದ ಪುಟ್ಟ ಕ. ಮೊದಲೇ ಸಣ್ಣದು, ಅದರ ಹೊಟ್ಟೆಯೊಳಗಿನ ಖಾಲಿ ಜಾಗ ಇನ್ನೂ ಸಣ್ಣದು. ಕಾಗದಕ್ಕೆ ತಗಲಿದ ಮಸಿ ಸ್ವಲ್ಪವಾದರೂ ಹರಡುತ್ತದೆ. ಪರದೆಯ ಮೇಲೆ ತೆರೆದೇ ಕಾಣುತ್ತಿದ್ದ ಹೊಟ್ಟೆ ಮುದ್ರಣದಲ್ಲಿ ಮುಚ್ಚಿಹೋಗುತ್ತದೆ. ಅಕ್ಷರ ಸರಿಯಾಗಿ ಕಾಣದಾಗ ಗೆರೆ ದಪ್ಪ ಮಾಡುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಹುಡುಕುವ ಮೊದಲ ದಾರಿ. ಹಾಗೆ ಮಾಡಿದರೆ ಇದ್ದ ಜಾಗವೂ ಹೋಗುತ್ತದೆ. ಅವನು ಇಡಲಿರುವ ತಪ್ಪು ಹೆಜ್ಜೆಯನ್ನು ಮೊದಲೇ ಕಂಡು ತಡೆದ ಆ ಮೂರು ಪದಗಳಲ್ಲಿ ವರ್ಷಗಳ ಪಾಠದ ಅನುಭವವಿದೆ.

ಷರಾ ಏನನ್ನು ಕೇಳುತ್ತದೆ ಎಂಬುದನ್ನೂ ಗಮನಿಸಿ. “ಪುಟ 14ರಿಂದ 22ರವರೆಗೆ ಮಗ್, ಟೀ ಶರ್ಟ್, ಬಟ್ಟೆ ಚೀಲ. ಗಾಣದವರು ನಿನ್ನ ಹತ್ತಿರ ಇವನ್ನು ಕೇಳಿದ್ದರೇ? ಐದು ಲೀಟರ್ ಕ್ಯಾನ್ ಎಲ್ಲಿ? ಬಿಲ್ ಪುಸ್ತಕ ಎಲ್ಲಿ? ಹಿಂದಿನ ಲೇಬಲ್‌ನಲ್ಲಿ ನಿವ್ವಳ ಪ್ರಮಾಣ, ಎಂ.ಆರ್.ಪಿ., 14 ಅಂಕಿಯ ಎಫ್.ಎಸ್.ಎಸ್.ಎ.ಐ. ಲೈಸೆನ್ಸ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವೆಲ್ಲ ಎಲ್ಲಿ ಕೂರುತ್ತವೆ?” ಸಿದ್ಧ ಮಾಕಪ್ ಫೈಲಿಗೆ ಲೋಗೋ ಅಂಟಿಸಿದರೆ ಒಂದು ಸಂಜೆಯಲ್ಲಿ ಒಂಬತ್ತು ಪುಟ ತುಂಬುತ್ತದೆ. ಘಟಕಕ್ಕೆ ದಿನವೂ ಬೇಕಾಗುವ ವಸ್ತುಗಳಿಗೆ ಅಷ್ಟು ಸುಲಭವಾಗಿ ಸಿದ್ಧ ಚಿತ್ರ ಸಿಗದು. ಅಲ್ಲಿಗೆ ಹೋಗಿ ಅಳತೆ ತೆಗೆದುಕೊಂಡೇ ಬರಬೇಕು. ಹುಡುಗ ಗಾಣದ ಹತ್ತಿರ ಎಷ್ಟು ಹೊತ್ತು ನಿಂತಿದ್ದ ಎಂಬುದನ್ನು ಈ ಪ್ರಶ್ನೆಗಳು ಅವನ ಮನಸ್ಸು ನೋಯಿಸದೆ ಹೊರಗೆ ತರುತ್ತವೆ. ಇಂಥ ಕಡೆ ಕೆಲವರು ‘ಸಂಶೋಧನೆ ಸಾಲದು’ ಎಂದು ಬರೆದು ಮುಗಿಸುತ್ತಾರೆ. ಅದು ನಿಜವೇ ಇರಬಹುದು, ಆದರೆ ಅದರಿಂದ ಮಾರನೆಯ ದಿನ ಮಾಡಬೇಕಾದ ಕೆಲಸ ತಿಳಿಯುವುದಿಲ್ಲ.

ಬಣ್ಣದ ಬಗ್ಗೆ ಷರಾದಲ್ಲಿ ಒಂದೇ ಸಾಲಿದೆ, ಕಾರ್ಟನ್ ಡಬ್ಬದ ಮೇಲೆ ಒಂದೇ ಬಣ್ಣದಲ್ಲಿ ಅಚ್ಚು ಹಾಕಿ ನೋಡು ಎಂದು. ಅಷ್ಟು ಸಾಕು.

ಕೊನೆಯ ಸಾಲನ್ನು ಮಾತ್ರ ನಾನು ಹಲವು ಸಲ ಓದಿದ್ದೇನೆ. “ಸ್ಕೆಚ್ ಪುಸ್ತಕದ ಆರನೇ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದ ‘ಒಕ್ಕಲು’ ಇದೆ. ಅದನ್ನು ಯಾಕೆ ಬಿಟ್ಟೆ?” ಆ ಪುಟವನ್ನೂ ಅಂತಿಮ ಲೋಗೋವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪೆನ್ಸಿಲ್ ಬರಹದಲ್ಲಿ ಒತ್ತು ಅಗಲವಾಗಿ, ಹೊಟ್ಟೆ ತೆರೆದುಕೊಂಡು, ಮೇಲಿನ ಕ ಅಕ್ಷರಕ್ಕೆ ಆಸರೆ ಕೊಟ್ಟಂತೆ ಕೂತಿದೆ. ಎತ್ತಿನ ಚಿತ್ರ ಇನ್ನೂ ಹುಟ್ಟಿಲ್ಲ. ಎತ್ತು ಬಂದ ಮೇಲೆ ಅಕ್ಷರ ಕೆಳಗೆ ಸರಿಯಿತು, ಉಳಿದ ಜಾಗಕ್ಕೆ ಹೊಂದಲೆಂದು ಒತ್ತು ಕುಗ್ಗಿತು. ಹತ್ತು ಹೆಜ್ಜೆ ದೂರದಿಂದ ಹೆಸರು ಕಾಣದೆ ಹೋದದ್ದೂ, 15 ಮಿಲಿಮೀಟರಿನಲ್ಲಿ ಚುಕ್ಕೆಯಾದದ್ದೂ ಅಲ್ಲಿಂದಲೇ. ಮೇಡಂ ಇದನ್ನೆಲ್ಲ ಬಿಡಿಸಿ ಬರೆದಿಲ್ಲ. ಪುಟದ ಸಂಖ್ಯೆ ಕೊಟ್ಟು, ಕೆಳಗೆ ಸಹಿ ಹಾಕಿದ್ದಾರೆ.